ಮಧ್ಯಾಹ್ನದ ಚರಣ ಕೊನೆಗೂ ಕೂತ್ಕೊಂಡಿತು

ನಾನು ಕಟ್ತಾ ಇರುವ ಹಾಡಲ್ಲಿ ಮೂರು ವಾರದಿಂದ ಸತಾಯಿಸ್ತಿದ್ದ ಮೂರನೇ ಚರಣ ನಿನ್ನೆ ರಾತ್ರಿ ಸರಿಯಾಯ್ತು ಮಾರಾಯ್ರೆ. ದಕ್ಕೆಯಿಂದ ಮೀನು ತಗೊಂಡು ಮನೆ ಮನೆಗೆ ಹೋಗುವ ಹೆಂಗಸಿನ ಒಂದು ದಿನ, ಬೆಳಗಿನ ಜಾವದಿಂದ ರಾತ್ರಿವರೆಗೆ, ನಾಲ್ಕು ಚರಣ. ಮೊದಲ್ನೇದು ಬೌಳಿ ರಾಗದಲ್ಲಿ, ಬಿಸಿಲು ಏರಿದ ಮೇಲೆ ಮೋಹನ. ಆರೋಹಣದಲ್ಲಿ ರಿ ಮತ್ತು ದ ಎರಡನ್ನು ಮೇಲಿನ ಸ್ಥಾನಕ್ಕೆ ಎತ್ತಿದ್ರೆ ಬೌಳಿಯಿಂದ ಮೋಹನಕ್ಕೆ ಹೋಗ್ಲಿಕ್ಕಾಗ್ತದೆ, ಕತ್ತಲೆ ಕರಗಿದ ಹಾಗೆ ಕೇಳ್ತದೆ. ಆ ಭಾಗ ಒಂದೇ ದಿನದಲ್ಲಿ ಮುಗಿದಿತ್ತು.

ತೊಂದರೆ ಆದದ್ದು ಸಾಹಿತ್ಯದಲ್ಲಿ. ಪ್ರತಿ ಚರಣದ ಮೊದಲ ಸಾಲಲ್ಲೂ "ಮುಂಜಾನೆ", "ಮಧ್ಯಾಹ್ನ", "ರಾತ್ರಿ" ಅಂತ ಹಾಕಿದ್ದೆ, ಹಾಗಾಗಿ ಬಸ್ಸಿನ ಟೈಮ್ ಟೇಬಲ್ ಓದಿದ ಹಾಗಾಗ್ತಿತ್ತು. ಪರೀಕ್ಷೆಗೆ ಅಂತ ಎರಡನೇ ಮತ್ತು ಮೂರನೇ ಚರಣವನ್ನು ಅದಲು ಬದಲು ಮಾಡಿ ಹಾಡಿದೆ, ಆ ಮೊದಲ ಪದ ಬಿಟ್ರೆ ಎಂತದೂ ಕೆಡಲಿಲ್ಲ. ಅಂದ್ರೆ ಹಾಡಲ್ಲಿ ದಿನ ಮುಂದೆ ಹೋಗ್ತಾನೇ ಇರಲಿಲ್ಲ!

ಹಾಗಾಗಿ ಹೊತ್ತಿನ ಹೆಸರೆಲ್ಲ ತೆಗೆದು ಬುಟ್ಟಿಯನ್ನು ಹಿಡ್ಕೊಂಡೆ. ದಕ್ಕೆಗೆ ಬರುವಾಗ ಖಾಲಿ, ಆಮೇಲೆ ಬಂಗುಡೆ ಬೂತಾಯಿ ತುಂಬಿ ನೀರು ಸೋರ್ತದೆ, ಮಧ್ಯಾಹ್ನ ಅರ್ಧ, ರಾತ್ರಿ ತೊಳೆದು ಕವುಚಿ ಹಾಕಿದ್ದು. ಈಗ ಚರಣ ಅದಲು ಬದಲು ಮಾಡಿದ್ರೆ ಅರ್ಧ ಆದ ಬುಟ್ಟಿ ಮತ್ತೆ ತುಂಬ್ತದೆ, ತಕ್ಷಣ ಗೊತ್ತಾಗ್ತದೆ.

ಆದ್ರೂ ಮಧ್ಯಾಹ್ನ ಎಳೀತಿತ್ತು, ಯಾಕಂದ್ರೆ ಆ ಹೊತ್ತಿಗೆ ಅವಳು ಹಲಸಿನ ಮರದಡಿ ಕೂತಿದ್ದಾಳೆ, ಏನೂ ನಡೆಯೋದಿಲ್ಲ, ನಾನು ಮಾತ್ರ ಉಳಿದ ಚರಣದ ಹಾಗೇ ನಾಲ್ಕು ಸಾಲು ತುಂಬಿಸ್ತಾ ಇದ್ದೆ. ಎರಡು ಸಾಲಿಗೆ ಇಳಿಸಿ, ಉಳಿದ ಆವರ್ತನ ಬರೀ ತಂಬೂರಿಗೆ ಬಿಟ್ಟೆ. ಸೆಕೆ ಅಲ್ಲಿ ತಾನಾಗಿ ಬಂತು. "ನೆರಳು ಕಾಲಡಿಗೆ ಸೇರಿತು" ಅನ್ನೋ ಸಾಲಿಗೋಸ್ಕರ ಹಾಡನ್ನು ಏಪ್ರಿಲ್ ಕೊನೆ ವಾರಕ್ಕೆ ಇಟ್ಟಿದ್ದೇನೆ, ಆಗ ನಮ್ಮಲ್ಲಿ ಸೂರ್ಯ ನೆತ್ತಿಗೇ ಬರ್ತಾನೆ. ಡಿಸೆಂಬರಲ್ಲಿ ನಡು ಮಧ್ಯಾಹ್ನವೂ ನೆರಳು ಆಳೆತ್ತರದ ಮುಕ್ಕಾಲು ಭಾಗ ಇರ್ತದೆ, ಸಾಲು ಸುಳ್ಳಾಗ್ತದೆ.

ಇನ್ನು ಪಲ್ಲವಿ: "ತಲೆ ಮೇಲೆ ಬುಟ್ಟಿ, ಕಾಲ ಕೆಳಗೆ ದಾರಿ". ರಾತ್ರಿ ನೀಲಾಂಬರಿಯ ಚರಣ ಮುಗಿಸಿ ಇದಕ್ಕೆ ಬಂದ್ರೆ ಅವಳು ಮಲಗಿದ್ದಾಳೆ, ಬುಟ್ಟಿ ತಲೆ ಮೇಲೆ ಎಲ್ಲಿಂದ? ಮಾತ್ರೆ ಎಣಿಸಿದೆ, ಎಂಟು ಮತ್ತು ಒಂಬತ್ತು. ಅದೇ ಲೆಕ್ಕಕ್ಕೆ "ಗೋಡೆ ಬದಿ ಬುಟ್ಟಿ, ಕಾಲಲ್ಲೇ ದಾರಿ" ಕೂತಿತು, ರಾಗ ಒಂದು ಚೂರೂ ಮುಟ್ಟಬೇಕಾಗಲಿಲ್ಲ. ಇಡೀ ದಿನ ನಡೆದವಳ ಕಾಲಲ್ಲಿ ಮಲಗಿದ ಮೇಲೂ ದಾರಿ ಉಳೀತದಲ್ಲ, ಅದು ಸಿಕ್ಕಿದಾಗ ನನಗೆ ಕಣ್ಣು ತುಂಬಿ ಬಂತು.

ರೆಕಾರ್ಡಿಂಗ್ ಮಾತ್ರ ನಿಂತಿದೆ. ಆನ್‌ಲೈನ್ ಅಂಗಡಿಯಿಂದ ಬಂದ ಮೈಕಿನ ಕೇಬಲ್ ಗುಂಯ್ ಅಂತದೆ, ಬದಲಿಸಿ ಕೊಟ್ಟದ್ದೂ ಹಾಗೇ, ತಂಬೂರಿ ಒಂದೇ ಇರುವ ಮಧ್ಯಾಹ್ನದಲ್ಲಿ ಆ ಶಬ್ದ ಅಡಗ್ಲಿಕ್ಕೆ ಜಾಗವೇ ಇಲ್ಲ.

ಈ ನಡುವೆ ಮುಂದಿನದ್ದೂ ತಲೆಯಲ್ಲಿ ಶುರುವಾಗಿದೆ: ಪಗ್ಗುವಿನಿಂದ ಸುಗ್ಗಿವರೆಗೆ ತುಳು ತಿಂಗಳುಗಳ ಹಾಡು, ಹನ್ನೆರಡು ಚರಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋದಿಲ್ಲ, ಆಟಿಯ ಚರಣಕ್ಕೆ ಬರುವಾಗ ಇದೇ ಬುಟ್ಟಿಯಲ್ಲಿ ಎಂತ ಇರ್ತದೆ ಅಂತ ಯೋಚಿಸ್ತಾ ಇದ್ದೇನೆ.