ವಾಂತಿ ಒರೆಸಿದ ಮೇಲೆ ಉಳಿಯುವ ಕೆಲಸ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮದು ಹಳೆಯ ಮನೆ. ಇರುವುದು ಐದು ಜನ, ಪಾಯಿಖಾನೆ ಒಂದೇ. ಕಳೆದ ಚಳಿಗಾಲದ ಒಂದು ರಾತ್ರಿ, ಎರಡನೇ ತರಗತಿಯಲ್ಲಿ ಓದುವ ಮಗ ಹಾಸಿಗೆಯಿಂದ ಎದ್ದು ಬಾಗಿಲವರೆಗೆ ಬಂದು ಅಲ್ಲಿಯೇ ಜೋರಾಗಿ ವಾಂತಿ ಮಾಡಿಕೊಂಡ. ಅವನ ತರಗತಿಯ ಹಲವು ಮಕ್ಕಳು ಅದೇ ವಾರ ವಾಂತಿಭೇದಿಯಿಂದ ಶಾಲೆಗೆ ಬಂದಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ಸೋಂಕು ನಿಯಂತ್ರಣದ ಶುಶ್ರೂಷಕಿಯಾಗಿ ಬಹುಕಾಲ ಕೆಲಸ ಮಾಡಿದ ನನಗೆ ಮೊದಲು ಹೊಳೆದದ್ದು ವಾಂತಿಭೇದಿ ತರುವ ನೋರೋವೈರಸ್. ಪರೀಕ್ಷೆ ಮಾಡಿಸದೆ ಅದನ್ನು ಖಚಿತವಾಗಿ ಹೇಳಲಾಗದಿದ್ದರೂ, ಅದೇ ಎಂದು ಭಾವಿಸಿ ಸ್ವಚ್ಛಗೊಳಿಸಿದರೆ ಇತರ ವಾಂತಿ ಸೋಂಕುಗಳಿಗೂ ಆ ಎಚ್ಚರ ಸಾಕಾಗುತ್ತದೆ.

ಸದ್ದಿಗೆ ಎದ್ದುಬಂದ ಅತ್ತೆ ಫಿನಾಯಿಲ್ ಬಾಟಲಿಯನ್ನೂ ಒರೆಸುವ ಬಟ್ಟೆಯನ್ನೂ ಹಿಡಿದಿದ್ದರು. “ಬೇಗ ಒರೆಸಿಬಿಡಮ್ಮ, ವಾಸನೆಗೆ ಇನ್ನೊಬ್ಬರಿಗೂ ಸಂಕಟ ಆಗುತ್ತೆ” ಎಂದರು. “ಅತ್ತೆ, ನೀವು ಈ ಕಡೆ ಬರಬೇಡಿ, ಮಗುವನ್ನೂ ನಾನೇ ನೋಡಿಕೊಳ್ಳುತ್ತೇನೆ” ಎಂದು ಅವರನ್ನು ನಡುಮನೆಯಲ್ಲೇ ನಿಲ್ಲಿಸಿದೆ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ಅವರಿಗೆ ಈ ಸೋಂಕು ತಗುಲಿದರೆ ದೇಹದ ನೀರು ಬೇಗ ಬತ್ತುತ್ತದೆ. ಫಿನಾಯಿಲ್ ವಾಸನೆಯನ್ನು ಮರೆಮಾಡುತ್ತದೆ. ಆದರೆ ಈ ವೈರಸ್ಸನ್ನು ಕೊಲ್ಲಲು ಅದನ್ನು ನಂಬುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಒಮ್ಮೆಲೇ ಎಳೆದರಂತೂ ಒಂದು ಮೊಳದ ಜಾಗದಲ್ಲಿದ್ದದ್ದು ಇಡೀ ಕೋಣೆಗೆ ಹರಡುತ್ತದೆ.

ಕಿಟಕಿ ತೆರೆದು, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು, ವಾಂತಿಯ ಮೇಲೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಪದರಪದರವಾಗಿ ಹೊದಿಸಿದೆ. ಕಾಗದ ನೀರನ್ನು ಹೀರಿಕೊಂಡ ಮೇಲೆ ಹೊರ ಅಂಚಿನಿಂದ ಒಳಕ್ಕೆ ಮಡಚುತ್ತಾ ಎತ್ತಿ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಟ್ಟಿದೆ. ಪೊರಕೆ ಮುಟ್ಟಲಿಲ್ಲ. ವಾಂತಿ ನೆಲಕ್ಕೆ ಅಪ್ಪಳಿಸುವಾಗ ಕಣ್ಣಿಗೆ ಕಾಣದ ಹನಿಗಳು ಸಿಡಿದು ಒಂದೆರಡು ಮೀಟರ್ ದೂರ ಬೀಳಬಲ್ಲವು. ಆದ್ದರಿಂದ ಕಲೆ ಕಂಡ ಜಾಗವನ್ನಷ್ಟೇ ಅಲ್ಲದೆ ಬಾಗಿಲಿನ ಕೆಳಭಾಗ, ಪಕ್ಕದ ಗೋಡೆ, ಮಂಚದ ಕಾಲು, ಅಲ್ಲೇ ಇದ್ದ ಚಪ್ಪಲಿಗಳವರೆಗೂ ಸೋಪಿನ ನೀರಿನಿಂದ ತೊಳೆದೆ. ಈ ತೊಳೆಯುವ ಹಂತವನ್ನು ಬಿಟ್ಟು ನೇರವಾಗಿ ಬ್ಲೀಚ್ ಸುರಿಯುವವರೇ ಹೆಚ್ಚು. ಕೊಳೆ ಉಳಿದಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ, ವೈರಸ್ಸಿಗೆ ತಗುಲುವ ಹೊತ್ತಿಗೆ ಅದರಲ್ಲಿ ಬಲವಿರುವುದಿಲ್ಲ.

ಮನೆಯಲ್ಲಿದ್ದ ಬ್ಲೀಚ್ ದ್ರವದ ಬಾಟಲಿಯ ಮೇಲೆ ಶೇಕಡಾ 4 ಸೋಡಿಯಂ ಹೈಪೋಕ್ಲೋರೈಟ್ ಎಂದು ನಮೂದಿಸಿತ್ತು. ವಾಂತಿ ಬಿದ್ದ ನೆಲಕ್ಕಾಗಿ ಅದರ 125 ಮಿಲಿಲೀಟರ್‌ಗೆ ತಣ್ಣೀರು ಸೇರಿಸಿ ಒಟ್ಟು 1 ಲೀಟರ್ ಮಾಡಿದೆ. ಇದರಿಂದ ಸುಮಾರು ಶೇಕಡಾ 0.5ರ ದ್ರಾವಣ ಸಿಗುತ್ತದೆ. ಚಿಲಕ, ಸ್ವಿಚ್ಚು, ನಲ್ಲಿಯ ತಿರುಪುಗಳಿಗೆ ಇದರ ಐದನೇ ಒಂದು ಭಾಗದಷ್ಟು ಬಲ ಸಾಕು, ಅಂದರೆ ಲೀಟರಿಗೆ 25 ಮಿಲಿಲೀಟರ್. ಸ್ವಿಚ್ಚುಗಳಿಗೆ ಸುರಿಯದೆ, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ನೆಲ ಕನಿಷ್ಠ 5 ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಟ್ಟು, ಆಮೇಲೆ ಬರೀ ನೀರಿನಿಂದ ಒರೆಸಿದೆ. ಆ ಕಾಯುವಿಕೆ ಇಲ್ಲದಿದ್ದರೆ ಅಷ್ಟು ಮಾಡಿದ್ದೆಲ್ಲ ಅರ್ಧಕ್ಕೆ ನಿಂತಂತೆ. ಉಳಿದ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳದೆ ಹೊಸದಾಗಿ ಬೆರೆಸುತ್ತಿದ್ದೆ, ಏಕೆಂದರೆ ನೀರು ಸೇರಿದ ಮೇಲೆ ಕ್ಲೋರಿನ್ ಬಹುಬೇಗ ಕ್ಷೀಣಿಸುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಒತ್ತಿ ಹೇಳಲೇಬೇಕು. ನಮ್ಮ ಬಹುತೇಕ ಬಚ್ಚಲುಮನೆಗಳಲ್ಲಿ ಪಾಯಿಖಾನೆ ತೊಳೆಯುವ ಆಸಿಡ್ ಬಾಟಲಿ ಇದ್ದೇ ಇರುತ್ತದೆ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಬಂದು, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಉಸಿರು ಕಟ್ಟುವ ಅಪಾಯವಿದೆ. ಆ ರಾತ್ರಿಯೇ ಆಸಿಡ್ ಬಾಟಲಿಯನ್ನು ಹಿತ್ತಲಿನ ಗೂಡಿಗೆ ಸಾಗಿಸಿ, ಮನೆಯವರಿಗೆಲ್ಲ ಕಾರಣವನ್ನೂ ಹೇಳಿದೆ.

ಒರೆಸುವ ಬಟ್ಟೆ ಮತ್ತು ಕೈಗವಸುಗಳನ್ನು ಎರಡನೇ ಚೀಲಕ್ಕೆ ಹಾಕಿ ಕಟ್ಟಿದ ಮೇಲೆ ಕೈ ತೊಳೆಯುವ ಸರದಿ. ನನ್ನ ಯಜಮಾನರು ಸ್ಯಾನಿಟೈಸರ್ ಚಾಚಿದರು. ಕೊರೋನಾ ಕಾಲದ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಕೊರೋನಾ ವೈರಸ್ಸಿಗೆ ಕೊಬ್ಬಿನ ಹೊರಪದರವಿದ್ದು, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ. ನೋರೋವೈರಸ್ಸಿಗೆ ಆ ಪದರವೇ ಇಲ್ಲದ ಕಾರಣ ಸ್ಯಾನಿಟೈಸರ್ ಅದರ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ಇಲ್ಲಿ ಸೋಪು ಮಾಡುವುದು ಮುಖ್ಯವಾಗಿ ವೈರಸ್ಸನ್ನು ಚರ್ಮದಿಂದ ಸಡಿಲಿಸುವ ಕೆಲಸ, ಅದನ್ನು ಕೊಚ್ಚಿಕೊಂಡು ಹೋಗುವುದು ಹರಿಯುವ ನೀರು. ಹಾಗಾಗಿ ಬೆರಳ ಸಂದಿ, ಹೆಬ್ಬೆರಳು, ಉಗುರಿನ ಅಡಿ ಎಲ್ಲವನ್ನೂ ಕನಿಷ್ಠ 20 ಸೆಕೆಂಡು ಉಜ್ಜಿ, ನಲ್ಲಿಯ ಕೆಳಗೆ ತೊಳೆಯಬೇಕು. ಬೇಸಿನ್ ಪಕ್ಕದಲ್ಲಿ ಎಲ್ಲರಿಗೂ ಸೇರಿ ತೂಗುಬಿಟ್ಟಿದ್ದ ಟವೆಲನ್ನು ತೆಗೆದು, ಒಬ್ಬೊಬ್ಬರಿಗೆ ಬೇರೆ ಬೇರೆ ಟವೆಲು ಕೊಟ್ಟೆ.

ಮಗನ ಹೊದಿಕೆಯನ್ನು ಕೊಡವದೆ ಒಳಮುಖವಾಗಿ ಸುತ್ತಿ ತಂದು, ಬೇರೆಯವರ ಬಟ್ಟೆಯೊಂದಿಗೆ ಸೇರಿಸದೆ ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಯಂತ್ರದ ದೀರ್ಘ ಆವೃತ್ತಿಯಲ್ಲಿ ಒಗೆದು, ಬಿಸಿಲಿಗೆ ಹರವಿದೆ.

ಬೆಳಗಾದ ಮೇಲೆ ಭೇದಿಯೂ ಶುರುವಾಯಿತು. ಪಾಯಿಖಾನೆಯಲ್ಲಿ ನನಗೆ ಅತಿ ಹೆಚ್ಚು ಚಿಂತೆ ತಂದದ್ದು ಮಗ್ಗಿನ ಹಿಡಿ. ಶೌಚದ ನಂತರ, ಸೋಪು ಮುಟ್ಟುವ ಮೊದಲೇ, ಎಲ್ಲರ ಕೈಯೂ ಅದಕ್ಕೆ ತಗುಲುತ್ತದೆ. ಮಗನಿಗೆ ಬೇರೆ ಬಣ್ಣದ ಮಗ್ ಇಟ್ಟು, ಅವನು ಹೋಗಿಬಂದಾಗಲೆಲ್ಲ ಫ್ಲಶ್ ಗುಂಡಿ, ನಲ್ಲಿ, ಚಿಲಕಗಳನ್ನು ಬ್ಲೀಚ್ ನೀರಿನಿಂದ ಒರೆಸಿದೆವು. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕೊಳಗಕ್ಕೆ ಲೋಟ ಮುಳುಗಿಸುವ ರೂಢಿಯನ್ನು ನಿಲ್ಲಿಸಿ, ನಲ್ಲಿಯಿರುವ ಪಾತ್ರೆಗೆ ನೀರು ತುಂಬಿದೆ. ಈ ವೈರಸ್ಸಿನ ಕೆಲವೇ ಕಣಗಳು ಸೋಂಕು ತರಲು ಸಾಕಾಗುವುದರಿಂದ, ಕೊಳಗಕ್ಕೆ ಇಳಿಯುವ ಒಂದು ಬೆರಳೂ ದೊಡ್ಡ ವಿಷಯವೇ.

ಮಗನಿಗೆ 1 ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಬೆರೆಸಿ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಮೂತ್ರ ಕಡಿಮೆಯಾಗುವುದು, ಮಂಕು ಕವಿಯುವುದು, ಮಲದಲ್ಲಿ ರಕ್ತ ಕಾಣುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ತಕ್ಷಣ ವೈದ್ಯರಲ್ಲಿಗೆ ಹೊರಡಲು ಸಿದ್ಧವಾಗಿದ್ದೆವು. ಅದರ ಅಗತ್ಯ ಬೀಳಲಿಲ್ಲ.

ಮಾರನೆಯ ಸಂಜೆ ಮಗಳಿಗೂ ವಾಂತಿಯಾಯಿತು. ಇಷ್ಟೆಲ್ಲ ಮಾಡಿ ಏನಾಯಿತು ಎಂದು ಅತ್ತೆ ನೊಂದುಕೊಂಡರು. ಸೋಂಕು ತಗುಲಿದ 12ರಿಂದ 48 ಗಂಟೆಗಳೊಳಗೆ ಲಕ್ಷಣ ಕಾಣುವುದು ಸಾಮಾನ್ಯ. ಮೊದಲ ರಾತ್ರಿ ಅವಳು ತಮ್ಮನ ಪಕ್ಕದಲ್ಲೇ ಮಲಗಿದ್ದಳು, ನಾನು ಎದ್ದು ಬರುವ ಮೊದಲೇ ಅದು ಅವಳಿಗೆ ತಗುಲಿರಬಹುದು ಎಂದು ವಿವರಿಸಿದೆ. ಅವಳ ಮಂಚದ ಪಕ್ಕ ಬಕೆಟ್ ಮೊದಲೇ ಸಿದ್ಧವಿದ್ದುದರಿಂದ ನೆಲಕ್ಕೆ ಬೀಳಲಿಲ್ಲ. ಅತ್ತೆಗೂ ನಮ್ಮಿಬ್ಬರಿಗೂ ಏನೂ ಆಗಲಿಲ್ಲ.

ಮಕ್ಕಳು ಚೇತರಿಸಿಕೊಂಡ ಮೇಲೆ ವಾಂತಿಭೇದಿ ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಇಬ್ಬರನ್ನೂ ಶಾಲೆಗೆ ಕಳುಹಿಸಲಿಲ್ಲ. ದೋಸೆ ಹಿಟ್ಟಿಗೆ ಕೈ ಹಾಕುವ ಚಪಲವಿರುವ ಮಗಳನ್ನು ಅಡುಗೆಮನೆಯಿಂದ ಹೊರಗೇ ಇಟ್ಟೆ. ಮಗು ಆಡಿಕೊಂಡಿದ್ದರೂ ಮಲದಲ್ಲಿ ವೈರಸ್ಸು ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹೊರಬರುತ್ತಿರಬಹುದು. ಅಷ್ಟೂ ದಿನ ಮಗನ ಬೇರೆ ಮಗ್ ಅಲ್ಲಿಯೇ ಇತ್ತು, ಪಾಯಿಖಾನೆಯಿಂದ ಬಂದವರ ಕೈಗೆ ಸೋಪು ಹಾಕಿ ಉಜ್ಜಿಸುವ ಹೊಣೆಯನ್ನು ಅತ್ತೆಯವರೇ ವಹಿಸಿಕೊಂಡರು.