ನೀರು ನಿಂತ ಮೈದಾನದಲ್ಲಿ ಐದು ವಾರ: ಪಾಸ್, ಕಂಟ್ರೋಲ್, ಟ್ಯಾಕಲ್

ಮೊದಲ ವಾರ

ಈ ಲಾಗ್ ಬರೆಯಲು ಕಾರಣ ಒಂದು ಬ್ಯಾಕ್‌ಪಾಸ್. ಫುಟ್‌ಬಾಲ್‌ನಲ್ಲಿ ನಾನು ಆಡುವುದು ಸೆಂಟರ್ ಬ್ಯಾಕ್, ಅಂದರೆ ನಮ್ಮ ಗೋಲಿನ ಮುಂದೆ ನಡುವೆ ನಿಂತು ಎದುರಾಳಿಯನ್ನು ತಡೆಯುವ ಜಾಗ. ಶನಿವಾರದ ಪಂದ್ಯ, ಎರಡನೇ ಅರ್ಧ, ಸುರಿಯುವ ಮಳೆ. ಎದುರಾಳಿ ಸ್ಟ್ರೈಕರ್ ಮೇಲೆ ಬಿದ್ದು ಬಂದ. ನಾನು 15 ಮೀಟರ್ ಹಿಂದಿದ್ದ ಗೋಲ್‌ಕೀಪರ್‌ಗೆ ನೆಲದ ಮೇಲೇ ಪಾಸ್ ಕೊಟ್ಟೆ. ಅರ್ಧ ದಾರಿ ಚೆಂಡು ಸರಾಗವಾಗಿ ಹೋಯಿತು. ಆಮೇಲೆ ನಿಂತ ನೀರಿಗೆ ಸಿಕ್ಕಿ ಅಲ್ಲೇ ನಿಂತುಬಿಟ್ಟಿತು. ಗೋಲ್‌ಕೀಪರ್ ಓಡಿ ಬರುವಷ್ಟರಲ್ಲಿ ಸ್ಟ್ರೈಕರ್ ತಲುಪಿದ್ದ. ಗೋಲು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಮೊದಲ ಅರ್ಧದಲ್ಲಿ ಮೈದಾನದ ಇನ್ನೊಂದು ಬದಿಯಲ್ಲಿ ಇಂಥದ್ದೇ ಪಾಸ್ ಕೊಟ್ಟಿದ್ದೆ. ಆಗ ಚೆಂಡು ಜಾರಿಕೊಂಡು ಎಷ್ಟು ಜೋರಾಗಿ ಹೋಯಿತೆಂದರೆ ಗೋಲ್‌ಕೀಪರ್ ಅದನ್ನು ಕಾಲಲ್ಲಿ ಹಿಡಿಯಲು ಒದ್ದಾಡಿದ. ಅದೇ ಮಳೆ, ಅದೇ ಮೈದಾನ. ಒಂದು ಪಾಸ್ ಅತಿ ವೇಗ, ಇನ್ನೊಂದು ಸತ್ತೇ ಹೋಯಿತು. ಹಾಗಾದರೆ "ಮಳೆಯಲ್ಲಿ ಜೋರಾಗಿ ಒದಿ" ಅನ್ನುವ ಸಲಹೆ ಅರ್ಧ ಮಾತ್ರ ಸರಿ, ಅಲ್ವಾ?

ಅಳೆದು ನೋಡೋಣ ಅಂತ ಅನ್ನಿಸಿತು. ಒಂದು ಉದ್ದ ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಿ, ನೆಲದಿಂದ 1 ಮೀಟರ್ ಎತ್ತರದಲ್ಲಿ ಚೆಂಡನ್ನು ಸುಮ್ನೆ ಬಿಡುವುದು. ತಳ್ಳುವುದಿಲ್ಲ. ಎಷ್ಟು ದೂರ ಉರುಳಿತು ಅಂತ ಹೆಜ್ಜೆ ಹಾಕಿ ಎಣಿಸುವುದು. ಕೃತಕ ಹುಲ್ಲಿನ ಮೈದಾನಗಳ ಪರೀಕ್ಷೆಯಲ್ಲೂ 1 ಮೀಟರ್ ಎತ್ತರದಿಂದಲೇ ಚೆಂಡು ಉರುಳಿಸುತ್ತಾರೆ. ಅದಕ್ಕೇ ಆ ಎತ್ತರ ಆರಿಸಿಕೊಂಡೆ.

ಒಣಗಿದ ಹುಲ್ಲಿನ ಮೇಲೆ 7 ಹೆಜ್ಜೆ. ಒದ್ದೆಯಾಗಿದ್ದರೂ ನೀರು ನಿಲ್ಲದ ಜಾಗದಲ್ಲಿ 9. ಬೂಟಿನ ಅಟ್ಟೆ ಮುಳುಗುವಷ್ಟು ನೀರು ನಿಂತ ಕಡೆ 2. ಆ 9 ಮತ್ತು 2ರ ಜಾಗಗಳ ನಡುವೆ ಮೈದಾನದಲ್ಲಿ ಇದ್ದದ್ದು ಬರೀ ಮೂರು ಮೀಟರ್.

ಕಾರಣ ಕಷ್ಟದ್ದಲ್ಲ. ಹುಲ್ಲಿಗೆ ತೆಳುವಾಗಿ ನೀರು ಹಿಡಿದಾಗ ಹುಲ್ಲು ಚೆಂಡನ್ನು ಹಿಡಿಯುವುದಿಲ್ಲ, ಚೆಂಡು ಜಾರುತ್ತದೆ. ನೀರು ನಿಂತಾಗ ಚೆಂಡು ತನ್ನ ಮುಂದಿನ ನೀರನ್ನೆಲ್ಲ ತಳ್ಳಿಕೊಂಡೇ ಹೋಗಬೇಕು. ಅದರ ವೇಗವೆಲ್ಲ ಅಲ್ಲೇ ಖರ್ಚಾಗುತ್ತದೆ. ಪುಟಿತವೂ ಹಾಗೆಯೇ. ತೆಳು ನೀರಿನ ಮೇಲೆ ಚೆಂಡು ತಗ್ಗಾಗಿ, ವೇಗವಾಗಿ ಚಿಮ್ಮುತ್ತದೆ. ನಿಂತ ನೀರಿನಲ್ಲಿ ಚಪ್ಪ್ ಅಂತ ಬಿದ್ದು ಕೂರುತ್ತದೆ.

ಎರಡನೇ ವಾರ

ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಚೆಂಡು ಉರುಳಿಸುತ್ತಾ ಮೈದಾನ ಸುತ್ತಿದೆ. ಕಣ್ಣನ್ನು ಪೂರ್ತಿ ನಂಬುವ ಹಾಗಿಲ್ಲ. ಹುಲ್ಲು ದಟ್ಟವಾಗಿದ್ದರೆ ಒಳಗೆ ನಿಂತ ನೀರು ಕಾಣುವುದೇ ಇಲ್ಲ. ಎರಡು ಗುರುತು ಕಂಡುಕೊಂಡೆ. ಉರುಳುವ ಚೆಂಡಿನ ಹಿಂದೆ ಸಣ್ಣ ಹನಿಗಳು ಹಾರಿದರೆ ತೆಳು ನೀರು. ಚೆಂಡಿನ ಮುಂದೆ ಅಲೆ ಎದ್ದರೆ ನಿಂತ ನೀರು. ಇಲ್ಲಿ ಎರಡೂ ಗೋಲಿನ ಮುಂದೆ ಆಟಗಾರರು ತುಳಿದು ತುಳಿದು ತಗ್ಗಾದ ಜಾಗಗಳಲ್ಲಿ ನೀರು ಜಾಸ್ತಿ. ಮೊದಲ ವಾರ ನನ್ನ ಪಾಸ್ ಸತ್ತದ್ದೂ ಅಂಥ ತಗ್ಗಿನಲ್ಲೇ.

ಇನ್ನು ಪಾಸ್. ನೀರಿನ ಮೇಲಿಂದ ದಾಟಿಸಲು ಚಿಪ್ ಬೇಕು. ಆದರೆ ಚೆಂಡು ನೀರಿನಲ್ಲೇ ಕೂತಿದ್ದರೆ ಅದನ್ನು ಎತ್ತುವುದು ಬೇರೆಯೇ ಕೆಲಸ. ಮಾಮೂಲಿಯಂತೆ ಕಾಲು ಬೀಸಿದೆ. ಕಾಲು ಮೊದಲು ನೀರಿಗೆ ಬಡಿಯಿತು, ವೇಗ ಅರ್ಧಕ್ಕಿಳಿಯಿತು, ಮುಖಕ್ಕೆ ಕೆಸರು ಹಾರಿತು, ಚೆಂಡು ನಾಲ್ಕು ಮೀಟರ್ ಹೋಗಿ ಮತ್ತೆ ನೀರಿನಲ್ಲೇ ಕೂತಿತು. ಹತ್ತರಲ್ಲಿ ಏಳು ಸಲ ಹೀಗೇ ಆಯಿತು.

ಕೋಚ್ ಬಂದು ನೋಡಿದರು. "ಒದೀಬೇಡ, ಅಗೆದು ಎತ್ತು. ಬೆರಳ ತುದಿ ಚೆಂಡಿನ ಅಡಿಗೆ ಹೋಗಲಿ" ಅಂದರು. ಆಮೇಲೆ ನಾನು ಬದಲಿಸಿದ್ದು ಮೂರು. ಕೊನೆಯ ಹೆಜ್ಜೆ ಚಿಕ್ಕದು ಮಾಡಿದೆ, ಇಲ್ಲದಿದ್ದರೆ ಊರಿದ ಕಾಲು ಜಾರುತ್ತದೆ. ಆ ಕಾಲನ್ನು ಚೆಂಡಿನ ಪಕ್ಕದಲ್ಲೇ, ಪಾದ ಪೂರ್ತಿ ನೆಲಕ್ಕೆ ಕೂರುವಂತೆ ಇಟ್ಟೆ. ಒದೆಯುವ ಕಾಲನ್ನು ಹಿಂದಕ್ಕೆ ಜಾಸ್ತಿ ಎತ್ತದೆ, ಚೆಂಡಿನ ಅಡಿಯಿಂದ ಮೇಲಕ್ಕೆ ಒಯ್ದೆ. ದೂರ ಹೋಗುವುದಿಲ್ಲ, 12 ರಿಂದ 15 ಮೀಟರ್ ಅಷ್ಟೇ. ಆದರೆ ನೀರಿನಿಂದ ಹೊರಗೆ ಬರುತ್ತದೆ. ಉದ್ದ ಪಾಸ್ ಬೇಕಾದರೆ ಮೊದಲ ಸ್ಪರ್ಶದಲ್ಲಿ ಚೆಂಡನ್ನು ಮೊಣಕಾಲೆತ್ತರಕ್ಕೆ ಎತ್ತಿಕೊಂಡು, ಅದು ಕೆಳಗೆ ಬೀಳುವ ಮೊದಲೇ ಗಾಳಿಯಲ್ಲಿ ಒದೆಯುತ್ತೇನೆ. ಇದು ನನಗೆ ಬಲಗಾಲಿನಲ್ಲಿ ಮಾತ್ರ ಬರುತ್ತದೆ.

ಬೂಟಿನ ಬಗ್ಗೆ ಒಂದೇ ಮಾತು. ಗಟ್ಟಿ ನೆಲಕ್ಕೆ ಮಾಡಿದ ಗಿಡ್ಡ ಸ್ಟಡ್‌ಗಳ ಬದಲು ಮೆತ್ತನೆ ನೆಲದ ಉದ್ದ ಸ್ಟಡ್ ಹಾಕಿದ ಮೇಲೆ ಊರಿದ ಕಾಲು ಜಾರುವುದು ಬಹಳ ಕಡಿಮೆಯಾಯಿತು. ಕಾಲು ನಿಲ್ಲದಿದ್ದರೆ ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ.

ಮೂರನೇ ವಾರ

ಮಳೆ ಬಿಟ್ಟಿತ್ತು, ಅಭ್ಯಾಸಕ್ಕೆ ನೀರಿಲ್ಲ. 1974ರ ವಿಶ್ವಕಪ್‌ನ ಪಶ್ಚಿಮ ಜರ್ಮನಿ ಮತ್ತು ಪೋಲೆಂಡ್ ಪಂದ್ಯದ ವಿಡಿಯೊ ನೋಡಿದೆ. ಜುಲೈ 3, ಫ್ರಾಂಕ್‌ಫರ್ಟ್. ಅಗ್ನಿಶಾಮಕ ದಳದವರು ಬಂದು ಮೈದಾನದ ನೀರು ಪಂಪ್ ಮಾಡಿ ತೆಗೆದರು. ಪಂದ್ಯ ತಡವಾಗಿ ಶುರುವಾಯಿತು. 76ನೇ ನಿಮಿಷದಲ್ಲಿ ಗೆರ್ಡ್ ಮ್ಯುಲರ್ ಹೊಡೆದ ಒಂದೇ ಗೋಲಿನಿಂದ ಜರ್ಮನಿ ಗೆದ್ದಿತು. ನಾನು ನೋಡಿದ್ದು ಚೆಂಡನ್ನು ಮಾತ್ರ. ವೇಗದ ಆಟಗಾರ ಚೆಂಡನ್ನು ಮುಂದೆ ತಳ್ಳಿ ಓಡುತ್ತಾನೆ, ಚೆಂಡು ನಿಲ್ಲುತ್ತದೆ, ಅವನು ಅದನ್ನು ದಾಟಿ ಹೋಗುತ್ತಾನೆ. ಡಿಫೆಂಡರ್ ಆಗಿ ಇದನ್ನು ಎರಡು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಟ್ಯಾಕಲ್ ಬಗ್ಗೆ ಮುಂದೆ ಬರೆದಿರುವುದೆಲ್ಲ ಅಲ್ಲಿಂದಲೇ ಹೊಳೆದದ್ದು.

ನಾಲ್ಕನೇ ವಾರ

ಮತ್ತೆ ಜೋರು ಮಳೆ. ಮೊದಲು ಕಂಟ್ರೋಲ್.

ತೆಳು ನೀರಿನ ಜಾಗದಲ್ಲಿ ಅಟ್ಟೆಯಿಂದ ಚೆಂಡನ್ನು ಅದುಮಿ ಹಿಡಿಯುವ ಅಭ್ಯಾಸ ಬಿಡಬೇಕಾಯಿತು. ಚೆಂಡು ತಗ್ಗಾಗಿ ಬೇಗ ಬರುತ್ತದೆ, ಕಾಲಿನ ಅಡಿಯಿಂದಲೇ ನುಸುಳಿ ಹೋಗುತ್ತದೆ. ಈಗ ಮೊಣಕಾಲು ಬಗ್ಗಿಸಿ, ಮೈಯನ್ನು ಚೆಂಡಿನ ದಾರಿಗೆ ತಂದು, ಪಾದದ ಒಳಬದಿಯಿಂದ ಹಿಡಿಯುತ್ತೇನೆ. ಕಾಲು ತಪ್ಪಿದರೂ ಇನ್ನೊಂದು ಕಾಲಿಗೋ ಮೊಣಕಾಲಿಗೋ ತಾಗುತ್ತದೆ. ಸಾಧ್ಯವಾದಾಗೆಲ್ಲ ಪುಟಿಯುವ ಮೊದಲೇ, ಗಾಳಿಯಲ್ಲೇ ತೊಡೆಯಿಂದ ಇಳಿಸಿಕೊಳ್ಳುತ್ತೇನೆ. ಗಾಳಿಯಲ್ಲಿರುವ ಚೆಂಡಿಗೆ ಮೈದಾನದ ನೀರು ಏನೂ ಮಾಡಲಾರದು.

ನಿಂತ ನೀರಿನ ಕಡೆ ತಪ್ಪು ಉಲ್ಟಾ. ಅಲ್ಲಿ ಚೆಂಡಿಗಾಗಿ ಕಾಯುವುದೇ ತಪ್ಪು. ಅದು ನನ್ನ ತನಕ ಬರುವುದಿಲ್ಲ. ಪಾಸ್ ನೀರಿನ ಕಡೆ ಹೊರಟಿತು ಅಂತ ಕಂಡ ತಕ್ಷಣ ಎರಡು ಹೆಜ್ಜೆ ಮುಂದೆ ಹೋಗಬೇಕು. ಹಾಗೆಯೇ ಮೊದಲ ಸ್ಪರ್ಶ ಚೆಂಡನ್ನು ಮುಂದಕ್ಕೆ ತಳ್ಳದೆ, ಸ್ವಲ್ಪ ಮೇಲಕ್ಕೆ ಎತ್ತಬೇಕು.

ಈಗ ಟ್ಯಾಕಲ್. ಇಲ್ಲಿ ನನ್ನಿಂದ ಒಬ್ಬರಿಗೆ ಪೆಟ್ಟಾಯಿತು, ಅದನ್ನು ಬರೆಯಲೇಬೇಕು. ಸ್ಲೈಡ್ ಅಂದರೆ ನೆಲದ ಮೇಲೆ ಜಾರಿಕೊಂಡು ಹೋಗಿ ಎದುರಾಳಿಯ ಚೆಂಡು ಕಸಿಯುವುದು. ಒಣ ನೆಲದಲ್ಲಿ ಸ್ಲೈಡ್ ಮಾಡುವಷ್ಟೇ ದೂರದಿಂದ ತೆಳು ನೀರಿನ ಮೇಲೆ ಸ್ಲೈಡ್ ಮಾಡಿದೆ. ಚೆಂಡು ನನಗೇ ಸಿಕ್ಕಿತು. ಆದರೆ ನಾನು ನಿಲ್ಲಲಿಲ್ಲ. ಚೆಂಡನ್ನು ದಾಟಿ ಇನ್ನೂ ಒಂದೂವರೆ ಮೀಟರ್ ಜಾರಿ ಅವರ ಕಣಕಾಲಿಗೆ ಬಡಿದೆ. ರೆಫರಿ ಹಳದಿ ಕಾರ್ಡ್ ಕೊಟ್ಟರು, ಅದು ಸರಿಯೇ. "ಚೆಂಡು ಮೊದಲು ಸಿಕ್ಕಿತು" ಅನ್ನುವುದು ನಿಯಮದಲ್ಲಿ ರಕ್ಷಣೆಯಲ್ಲ. ಫುಟ್‌ಬಾಲ್ ಆಟದ ನಿಯಮ 12ರ ಪ್ರಕಾರ ಅಜಾಗರೂಕತೆಯ ಟ್ಯಾಕಲ್‌ಗೆ ಫ್ರೀಕಿಕ್, ಎದುರಾಳಿಗೆ ಆಗುವ ಅಪಾಯ ಲೆಕ್ಕಿಸದೆ ನುಗ್ಗಿದರೆ ಹಳದಿ ಕಾರ್ಡ್, ಅತಿಯಾದ ಬಲ ಬಳಸಿದರೆ ಕೆಂಪು ಕಾರ್ಡ್. ಪಂದ್ಯ ಮುಗಿದ ಮೇಲೆ ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಊತ ಇತ್ತು, ಮೂಳೆಗೆ ಏನೂ ಆಗಿರಲಿಲ್ಲ.

ಆಮೇಲೆ ಒಬ್ಬನೇ ಅಭ್ಯಾಸದಲ್ಲಿ ಅಳೆದೆ. ಅದೇ ಓಟಕ್ಕೆ ಒಣ ನೆಲದಲ್ಲಿ ನಾನು ಸುಮಾರು 2 ಹೆಜ್ಜೆ ಜಾರುತ್ತೇನೆ, ತೆಳು ನೀರಿನಲ್ಲಿ 4. ನಿಲ್ಲಲು ಬೇಕಾದ ಜಾಗ ಇಲ್ಲದಿದ್ದರೆ ಸ್ಲೈಡ್ ಮಾಡುವುದೇ ಇಲ್ಲ ಅಂತ ನಿರ್ಧರಿಸಿದೆ. ಎದುರಾಳಿಯ ಎದುರಿನಿಂದ ಹೋಗುವಾಗ ಆ ಜಾಗ ಯಾವತ್ತೂ ಇರುವುದಿಲ್ಲ. ಅಂಚುಗೆರೆಯ ಪಕ್ಕದಲ್ಲಿ, ಅಡ್ಡದಿಂದ ಚೆಂಡನ್ನು ಹೊರಗೆ ತಳ್ಳುವಾಗ ಮಾತ್ರ ಕೆಲವೊಮ್ಮೆ ಇರುತ್ತದೆ.

ಇಬ್ಬರೂ ಓಡಿ ಬರುವ ಚೆಂಡು ನೀರಿನಲ್ಲಿ ನಿಂತಾಗ ಇನ್ನೂ ಹುಷಾರಾಗಿರಬೇಕು. ಉರುಳುವ ಚೆಂಡು ಯಾರಾದರೊಬ್ಬರ ಕಡೆ ಹೋಗುತ್ತಿರುತ್ತದೆ. ನಿಂತ ಚೆಂಡಿಗೆ ಇಬ್ಬರೂ ಪೂರ್ತಿ ವೇಗದಲ್ಲಿ ಒಟ್ಟಿಗೆ ತಲುಪುತ್ತಾರೆ. ನಾನು ಅರ್ಧ ಹೆಜ್ಜೆ ಹಿಂದಿದ್ದೇನೆ ಅಂತ ಗೊತ್ತಾದರೆ ಕಾಲು ಹಾಕುವುದಿಲ್ಲ. ಅವರ ಮೊದಲ ಒದೆತ ನೀರಿನಲ್ಲಿ ಹೇಗೂ ದೂರ ಹೋಗುವುದಿಲ್ಲ, ನನಗೆ ಎರಡನೇ ಅವಕಾಶ ಸಿಗುತ್ತದೆ.

ಐದನೇ ವಾರ

ಇದೆಲ್ಲ ಒಟ್ಟಿಗೆ ಪರೀಕ್ಷೆಗೆ ಬಂದದ್ದು ಈ ಶನಿವಾರ. ನಮ್ಮ ಎಡಬದಿಯಲ್ಲಿ, ಪೆನಾಲ್ಟಿ ಏರಿಯಾದ ಹೊರಗೆ ಆರು ಮೀಟರ್ ಉದ್ದದ ನೀರಿನ ಪಟ್ಟಿ ಇತ್ತು. ಪಂದ್ಯಕ್ಕೆ ಮೊದಲೇ ಗುರುತು ಮಾಡಿಕೊಂಡಿದ್ದೆ. 60ನೇ ನಿಮಿಷದ ಹೊತ್ತಿಗೆ ಅವರ ವಿಂಗರ್ ಚೆಂಡು ತೆಗೆದುಕೊಂಡು ನೇರ ನನ್ನ ಕಡೆ ಬಂದ. ಮುಂಚಿನ ನಾನಾಗಿದ್ದರೆ ಮುಂದೆ ಹೋಗಿ ಅವನನ್ನು ನೀರಿಗಿಂತ ಮೊದಲೇ ಎದುರಿಸುತ್ತಿದ್ದೆ. ಈ ಸಲ ಹಿಂದೆ ಹಿಂದೆ ಸರಿದೆ, ನೀರಿನ ಪಟ್ಟಿ ನಮ್ಮಿಬ್ಬರ ನಡುವೆ ಬರುವ ತನಕ. ಚಿಕ್ಕ ಹೆಜ್ಜೆ, ಪಕ್ಕಕ್ಕೆ ತಿರುಗಿದ ಮೈ, ಒಳಗಿನ ದಾರಿ ಮುಚ್ಚಿ.

ಅವನು ಚೆಂಡನ್ನು ಒಂದು ಮೀಟರ್ ಮುಂದೆ ತಳ್ಳಿದ. ಚೆಂಡು ನೀರಿನಲ್ಲಿ ನಿಂತಿತು. ಅವನ ಎಡಗಾಲು ಅದನ್ನು ದಾಟಿತು. ಆ ಕ್ಷಣಕ್ಕೇ ನಾನು ಒಳಗೆ ಹೆಜ್ಜೆ ಇಟ್ಟೆ, ನಿಂತುಕೊಂಡೇ.

ಕಳೆದ ವಾರ ಅಭ್ಯಾಸದಲ್ಲಿ ಕಲಿತ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬಂತು. ನೀರಿನಲ್ಲಿ ಚೆಂಡನ್ನು ತುದಿಗಾಲಿನಿಂದ ಚುಚ್ಚಿದರೆ ಅದು ಅರ್ಧ ಮೀಟರ್ ಸರಿದು ಅಲ್ಲೇ ಇರುತ್ತದೆ, ಎದುರಾಳಿ ತಿರುಗಿ ಮತ್ತೆ ತೆಗೆದುಕೊಳ್ಳುತ್ತಾನೆ. ಹಾಗಾಗಿ ಚುಚ್ಚಲಿಲ್ಲ. ಮೊದಲು ಅವನ ಮತ್ತು ಚೆಂಡಿನ ನಡುವೆ ಮೈ ತಂದೆ. ಆಮೇಲೆ ಬೆರಳ ತುದಿ ಅಡಿಗೆ ಹಾಕಿ ಚೆಂಡನ್ನು ಎತ್ತಿ, ಬಲಕ್ಕಿದ್ದ ನಮ್ಮ ಫುಲ್ ಬ್ಯಾಕ್ ಕಡೆ ಚಿಪ್ ಮಾಡಿದೆ. ಆತ ನಿಂತಿದ್ದದ್ದು ನೀರಿಲ್ಲದ ಜಾಗದಲ್ಲಿ. ತೊಡೆಯಲ್ಲಿ ಇಳಿಸಿಕೊಂಡ.

ಫುಲ್ ಬ್ಯಾಕ್‌ನ ಮುಂದಿನ ಪಾಸ್ ಇನ್ನೂ ಚೆನ್ನಾಗಿತ್ತು. ನಮ್ಮ ಸ್ಟ್ರೈಕರ್‌ನ ಮುಂದಿನ ಖಾಲಿ ಜಾಗಕ್ಕಲ್ಲ, ಅವರ ಡಿಫೆಂಡರ್‌ಗಳ ಹಿಂದಿದ್ದ ನೀರಿನ ಮೇಲೆಯೇ ಚೆಂಡು ಬೀಳಿಸಿದ. ಒದ್ದೆ ಹುಲ್ಲಿನ ಮೇಲೆ ಬಿದ್ದಿದ್ದರೆ ಜಾರಿಕೊಂಡು ಅವರ ಗೋಲ್‌ಕೀಪರ್ ಕೈಗೆ ಹೋಗುತ್ತಿತ್ತು. ನೀರಿನಲ್ಲಿ ಬಿದ್ದದ್ದರಿಂದ ಕಾಯುತ್ತಾ ಕೂತಿತ್ತು. ಸ್ಟ್ರೈಕರ್ ತಲುಪಿದ, ಒದೆತ ನೀರಿಗೆ ಬಡಿದು ಗೋಲಿನ ಪಕ್ಕಕ್ಕೆ ಹೋಯಿತು. ಗೋಲು ಆಗಲಿಲ್ಲ.

75ನೇ ನಿಮಿಷದಲ್ಲಿ ರೆಫರಿ ಮೂರು ಕಡೆ ಚೆಂಡು ಬೀಳಿಸಿ ನೋಡಿದರು. ಎಲ್ಲೂ ಪುಟಿಯಲಿಲ್ಲ. ಪಂದ್ಯ ನಿಲ್ಲಿಸಿದರು, ಸ್ಕೋರು 1-1. ಅಷ್ಟು ನೀರಿನಲ್ಲಿ ನಾನು ಮೇಲೆ ಬರೆದ ಯಾವ ಉಪಾಯವೂ ಕೆಲಸ ಮಾಡುವುದಿಲ್ಲ. ಕೊನೆಯ ಐದು ನಿಮಿಷ ನಾವು ಆಡುತ್ತಿದ್ದದ್ದು ಬರೀ ನೀರಿನಲ್ಲಿ ನಿಂತ ಚೆಂಡನ್ನು ಸುತ್ತುವರಿದು ಒದೆಯುವುದು.

ಮುಂದಿನ ವಾರದ ಕೆಲಸ: ಎಡಗಾಲಿನಿಂದ ನೀರಿನೊಳಗಿನ ಚೆಂಡನ್ನು ಎತ್ತುವುದು, ದಿನಕ್ಕೆ 30 ಸಲ. ಈಗ ಹತ್ತರಲ್ಲಿ ಮೂರು ಸರಿ ಹೋಗುತ್ತಿವೆ.