ಎರಡು ಸರ್ಟಿಫಿಕೇಟ್, ಒಂದು ಲ್ಯಾಬ್, ಒಂದು ಜಾಹೀರಾತು

“ಸರ್, ನನ್ನ ಹತ್ತಿರ ಎರಡು ಸರ್ಟಿಫಿಕೇಟ್ ಇವೆ, ಮನೆಯಲ್ಲೇ ಲ್ಯಾಬ್ ಕೂಡ ಮಾಡಿದ್ದೇನೆ. ಜೂನಿಯರ್ ಸೆಕ್ಯುರಿಟಿ ಅನಲಿಸ್ಟ್ ಕೆಲಸಕ್ಕೆ ನನ್ನ ರೆಸ್ಯೂಮ್ ಸಾಕಾಗುತ್ತದೆಯೇ?”

ಯಾರು ಹೀಗೆ ಕೇಳಿದರೂ, ಯಾವ ಜಾಹೀರಾತಿಗೆ ಅರ್ಜಿ ಹಾಕುತ್ತಿದ್ದೀರೋ ಅದನ್ನೂ ತನ್ನಿ ಎನ್ನುತ್ತೇನೆ. ಜಾಹೀರಾತು ಎದುರಿಗಿಲ್ಲದೆ ರೆಸ್ಯೂಮ್ ತೂಗಲು ಬರುವುದಿಲ್ಲ. ನಾನು ಕೆಲಸ ಮಾಡುವುದು ಬೆಂಗಳೂರಿನ ಕಂಪನಿಯೊಂದಕ್ಕೆ, ಕುಳಿತಿರುವುದು ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ. ನಮ್ಮ ತಂಡಕ್ಕೆ ಬರುವ ಹೊಸಬರ ರೆಸ್ಯೂಮ್‌ಗಳ ಮೊದಲ ಸುತ್ತು ನನ್ನದೇ. ಹಾಗಾಗಿ ಧಾರವಾಡ, ಗದಗ, ಹಾವೇರಿಯ ಹುಡುಗ ಹುಡುಗಿಯರು ಭಾನುವಾರ ಬಂದು ಈ ಪ್ರಶ್ನೆ ಕೇಳುತ್ತಾರೆ. ಹೋದ ತಿಂಗಳು ಗದಗದಿಂದ ಬೆಳಗಿನ ರೈಲಿಗೆ ಬಂದ ಒಬ್ಬಳ ರೆಸ್ಯೂಮ್ ಇಟ್ಟುಕೊಂಡು ಉತ್ತರ ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ.

ಅವಳು ತಂದ ಜಾಹೀರಾತಿನಲ್ಲಿ ಕಂಪನಿಯ ಹೊಗಳಿಕೆಯ ಸಾಲುಗಳನ್ನು ಬಿಟ್ಟರೆ ಉಳಿದ ಕೆಲಸ ಇಷ್ಟು: ಪಾಳಿಯಲ್ಲಿ ಕುಳಿತು ಎಚ್ಚರಿಕೆಗಳನ್ನು ನೋಡುವುದು, ನಿಜವಾದದ್ದನ್ನು ಹುಸಿಯಿಂದ ಬೇರ್ಪಡಿಸುವುದು, ವಿಂಡೋಸ್ ಲಾಗ್ ಓದುವುದು, ಕಂಡದ್ದನ್ನು ಟಿಕೆಟ್ ಎಂಬ ವರದಿಯಾಗಿ ಬರೆದು ಮೇಲಿನವರಿಗೆ ಒಪ್ಪಿಸುವುದು. ಸೆಕ್ಯುರಿಟಿ ಪ್ಲಸ್ ಅಥವಾ ಸಿಇಎಚ್ ಸರ್ಟಿಫಿಕೇಟ್ ‘ಇದ್ದರೆ ಆದ್ಯತೆ’ ಎಂದಿತ್ತು. ಇರಲೇಬೇಕು ಎಂದಿರಲಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಮೂರನೆಯ ಪರೀಕ್ಷೆಗೆ ಸಾಲ ಮಾಡಿ ಹಣ ಕಟ್ಟಿದವರನ್ನು ಕಂಡಿದ್ದೇನೆ. ನನಗೆ ಅದು ಸಂಕಟದ ವಿಷಯ.

ಅವಳ ರೆಸ್ಯೂಮಿನ ಮುಕ್ಕಾಲು ಪುಟದಲ್ಲಿ ಎರಡೂ ಸರ್ಟಿಫಿಕೇಟುಗಳು, ಅವುಗಳ ಪಠ್ಯಕ್ರಮದ ಶೀರ್ಷಿಕೆಗಳು ತುಂಬಿದ್ದವು. ಪಠ್ಯಕ್ರಮ ನನಗೆ ಗೊತ್ತು, ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ಸೆಕ್ಯುರಿಟಿ ಪ್ಲಸ್ ಎಂದರೆ 90 ನಿಮಿಷದಲ್ಲಿ ಹೆಚ್ಚೆಂದರೆ 90 ಪ್ರಶ್ನೆಗಳ ಪರೀಕ್ಷೆ. ಅದರಲ್ಲಿ ಕೆಲವು ಮಾತ್ರ ಪರದೆಯ ಮೇಲೆ ಮಾಡಿ ತೋರಿಸುವಂಥವು. ಸಿಇಎಚ್‌ನ ಮುಖ್ಯ ಪರೀಕ್ಷೆಯಲ್ಲಿ 125 ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ, ಮಾಡಿ ತೋರಿಸುವ ಪರೀಕ್ಷೆ ಬೇರೆಯೇ ಇದೆ. ಇವುಗಳಿಂದ ನನಗೆ ತಿಳಿಯುವುದು ಒಂದು ಸಂಗತಿ: ಈ ಕ್ಷೇತ್ರದ ಪದಗಳು ಇವಳಿಗೆ ಹೊಸವಲ್ಲ, ಮೊದಲ ವಾರ ನಾವು ಆಡುವ ಮಾತು ಇವಳಿಗೆ ಅರ್ಥವಾಗುತ್ತದೆ. ಅದಕ್ಕೆ ಬೆಲೆ ಇದೆ, ಆದರೆ ಎರಡು ಸಾಲು ಸಾಕು. ಪರೀಕ್ಷೆಯ ಹೆಸರು, ಪಡೆದ ತಿಂಗಳು, ಪರಿಶೀಲನೆಯ ಸಂಖ್ಯೆ. ಸೆಕ್ಯುರಿಟಿ ಪ್ಲಸ್‌ಗೆ ಮೂರು ವರ್ಷದ ಅವಧಿ ಇರುವುದರಿಂದ ಮುಗಿಯುವ ದಿನಾಂಕವನ್ನೂ ಹಾಕಿದರೆ ಓದುವವರಿಗೆ ಅನುಕೂಲ.

ನನ್ನ ಕಣ್ಣು ನಿಂತದ್ದು ಕೆಳಗೆ, ಪುಟದ ಅಂಚಿನಲ್ಲಿದ್ದ ಒಂದು ಸಾಲಿನ ಮೇಲೆ. ‘ಕಾಲಿ ಲಿನಕ್ಸ್ ಬಳಸಿ ರಿಮೋಟ್ ಡೆಸ್ಕ್‌ಟಾಪ್ ಮೇಲೆ ಬ್ರೂಟ್ ಫೋರ್ಸ್ ದಾಳಿ ಮಾಡಿದ್ದೇನೆ, ಸ್ಪ್ಲಂಕ್‌ನಲ್ಲಿ ನೋಡಿದ್ದೇನೆ.’ ಬ್ರೂಟ್ ಫೋರ್ಸ್ ಎಂದರೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುವ ದಾಳಿ, ಸ್ಪ್ಲಂಕ್ ಎಂದರೆ ಲಾಗ್‌ಗಳನ್ನು ಒಂದೆಡೆ ತಂದು ಹುಡುಕುವ ಸಾಧನ. ಲ್ಯಾಬ್ ಎಂದು ಇದ್ದದ್ದು ಇಷ್ಟೇ.

ಈ ಸಾಲಿನ ತೊಂದರೆ ಅದು ಚಿಕ್ಕದು ಎನ್ನುವುದಲ್ಲ. ಅದು ದಾಳಿಕೋರನ ಕಡೆಯಿಂದ ಬರೆದ ಸಾಲು. ಜಾಹೀರಾತು ಕೇಳುತ್ತಿರುವುದು ಕಾವಲುಗಾರನನ್ನು. ದಾಳಿ ಮಾಡಿದ್ದಕ್ಕೆ ಹತ್ತು ಪದ, ನೋಡಿದ್ದಕ್ಕೆ ಎರಡು ಪದ ಎಂದಾಗ, ಯಾವುದೋ ವಿಡಿಯೊ ನೋಡಿಕೊಂಡು ಮಾಡಿದ್ದಿರಬೇಕು ಎಂದು ಬದಿಗಿಡುವವರೇ ಹೆಚ್ಚು. ನಾನು ಬದಿಗಿಡುವ ಮೊದಲು ಕೇಳಿದೆ: “ಸ್ಪ್ಲಂಕ್‌ನಲ್ಲಿ ಏನು ಹುಡುಕಿದೆ, ತೋರಿಸು.”

ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು. ಅದರಲ್ಲಿ ಹೀಗಿತ್ತು:

```
index=win EventCode=4625
| stats count by Account_Name, Logon_Type
```

4625 ಎಂದರೆ ವಿಂಡೋಸ್‌ನಲ್ಲಿ ವಿಫಲವಾದ ಲಾಗಿನ್‌ನ ದಾಖಲೆ. ಇದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಅವಳು ಎರಡು ಪ್ರಶ್ನೆ ಬರೆದುಕೊಂಡಿದ್ದಳು. ‘10 ಏಕೆ ಬರಲಿಲ್ಲ? 3 ಏಕೆ?’ ಎಂಬುದು ಒಂದು. ‘ಈ ಅಡ್ಡಗೆರೆ ಯಾರ ಹೆಸರು?’ ಎಂಬುದು ಇನ್ನೊಂದು.

ಆ ಪೆನ್ಸಿಲ್ ಸಾಲುಗಳನ್ನು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಕಾರಣ ಹೇಳುತ್ತೇನೆ. ವಿಂಡೋಸ್ ಪ್ರತಿ ಲಾಗಿನ್‌ಗೂ ಅದು ಯಾವ ಬಗೆಯದು ಎಂದು ಹೇಳುವ ಒಂದು ಸಂಖ್ಯೆ ಕೊಡುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ಗೆ 10, ನೆಟ್‌ವರ್ಕ್ ಮೂಲಕ ಬಂದದ್ದಕ್ಕೆ 3 ಎಂದು ಪಟ್ಟಿಗಳಲ್ಲಿರುತ್ತದೆ. ಪಟ್ಟಿ ಓದಿದವರು ರಿಮೋಟ್ ಡೆಸ್ಕ್‌ಟಾಪ್ ದಾಳಿಯನ್ನು 10ರಲ್ಲಿ ಹುಡುಕುತ್ತಾರೆ. ಆದರೆ ಈಗಿನ ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ತೆರೆಯುವ ಮೊದಲೇ ನೆಟ್‌ವರ್ಕ್ ಹಂತದಲ್ಲಿ ಗುರುತು ಪರಿಶೀಲನೆ ನಡೆಯುತ್ತದೆ. ಆ ವ್ಯವಸ್ಥೆ ಚಾಲೂ ಇದ್ದರೆ ತಪ್ಪು ಪಾಸ್‌ವರ್ಡ್ ಅಲ್ಲೇ ನಿಲ್ಲುತ್ತದೆ, ದಾಖಲೆಯಲ್ಲಿ 3 ಬೀಳುತ್ತದೆ. ಇದನ್ನು ತನ್ನ ಕಣ್ಣಾರೆ ಕಂಡವರಿಗೆ ಮಾತ್ರ ‘10 ಏಕೆ ಬರಲಿಲ್ಲ’ ಎಂಬ ಪ್ರಶ್ನೆ ಹುಟ್ಟುತ್ತದೆ.

ಅಡ್ಡಗೆರೆಯ ಕಥೆಯೂ ಹಾಗೆಯೇ. 4625ರ ದಾಖಲೆಯಲ್ಲಿ ಖಾತೆಯ ಹೆಸರು ಎರಡು ಕಡೆ ಬರುತ್ತದೆ: ಕೇಳಿದವರು ಯಾರು ಎಂಬಲ್ಲಿ ಒಮ್ಮೆ, ಯಾವ ಖಾತೆಗೆ ಪ್ರವೇಶ ವಿಫಲವಾಯಿತು ಎಂಬಲ್ಲಿ ಇನ್ನೊಮ್ಮೆ. ನೆಟ್‌ವರ್ಕ್‌ನಿಂದ ಬಂದಾಗ ಮೊದಲನೆಯದು ಸಾಮಾನ್ಯವಾಗಿ ಖಾಲಿ, ಅಲ್ಲಿ ಬರೀ ಅಡ್ಡಗೆರೆ ಇರುತ್ತದೆ. ದಾಖಲೆ ಮಾಮೂಲಿ ಪಠ್ಯ ರೂಪದಲ್ಲಿ ಬಂದರೆ ಸ್ಪ್ಲಂಕ್ ಎರಡನ್ನೂ ಒಂದೇ ಹೆಸರಿನಡಿ ಎಣಿಸುತ್ತದೆ. ಹಾಗಾಗಿ 37 ವಿಫಲ ಪ್ರಯತ್ನಗಳಿದ್ದರೆ ಕೋಷ್ಟಕದಲ್ಲಿ ಅಡ್ಡಗೆರೆಯ ಮುಂದೆಯೂ 37, ನಿಜವಾದ ಖಾತೆಯ ಮುಂದೆಯೂ 37. ಅವಳ ನೋಟ್‌ಬುಕ್‌ನಲ್ಲಿ ಎರಡೂ 37ಗಳಿದ್ದವು. ಎರಡನ್ನೂ ಕೂಡಿಸಿ 74 ಎಂದು ಬರೆದು, ಆಮೇಲೆ ಹೊಡೆದು ಹಾಕಿದ್ದಳು.

“ಇದನ್ನೆಲ್ಲ ರೆಸ್ಯೂಮಿನಲ್ಲಿ ಏಕೆ ಹಾಕಲಿಲ್ಲ?” ಎಂದೆ.

“ತಪ್ಪುಗಳನ್ನು ಯಾರು ಹಾಕುತ್ತಾರೆ ಸರ್?” ಎಂದಳು. “ಇನ್ನೊಂದೂ ಇದೆ. ಹತ್ತು ಸಲ ತಪ್ಪಾದ ಮೇಲೆ ಖಾತೆಯೇ ಲಾಕ್ ಆಗುತ್ತಿತ್ತು. ಪಾಲಿಸಿಯಲ್ಲಿ ಅದನ್ನು ತೆಗೆದ ಮೇಲೆಯೇ ದಾಳಿ ಮುಂದುವರಿದದ್ದು.”

ಇಲ್ಲಿಯೇ ನನ್ನ ಅಂದಾಜು ಬದಲಾದದ್ದು. ಲಾಕ್ ಆಯಿತು ಎನ್ನುವುದು ಅವಳ ಲೆಕ್ಕದಲ್ಲಿ ಸೋಲು. ನನ್ನ ಲೆಕ್ಕದಲ್ಲಿ ಅದು ಪಾಳಿಯಲ್ಲಿ ದಿನವೂ ಬರುವ ಪ್ರಶ್ನೆ. ಲಾಕ್ ಆದ ಖಾತೆಯ ಹಿಂದೆ ದಾಳಿ ಇದೆಯೋ, ಅಥವಾ ಪಾಸ್‌ವರ್ಡ್ ಬದಲಿಸಿದ ಉದ್ಯೋಗಿಯ ಮೊಬೈಲ್ ಹಳೆಯ ಪಾಸ್‌ವರ್ಡ್ ಕಳಿಸುತ್ತಲೇ ಇದೆಯೋ? ಜಾಹೀರಾತಿನಲ್ಲಿ ‘ಹುಸಿಯನ್ನು ಬೇರ್ಪಡಿಸುವುದು’ ಎಂದಿದ್ದ ಕೆಲಸ ಇದೇ. ಅದಕ್ಕೆ ಸಾಕ್ಷಿ ಅವಳ ರೆಸ್ಯೂಮಿನಲ್ಲಿ ಶೂನ್ಯವಾಗಿತ್ತು, ಲ್ಯಾಬ್‌ನಲ್ಲೂ ಅರ್ಧ ಮಾತ್ರ ಇತ್ತು. ಅವಳ ಲ್ಯಾಬ್‌ನಲ್ಲಿ ಇದ್ದದ್ದು ಎರಡೇ ಯಂತ್ರ, ಎರಡೂ ಅವಳವೇ. ಅಲ್ಲಿ ಬಂದ ಪ್ರತಿ ವಿಫಲ ಲಾಗಿನ್ ಅವಳೇ ಮಾಡಿದ್ದು. ಮನೆಯ ಲ್ಯಾಬ್‌ಗಳ ದೊಡ್ಡ ಮಿತಿ ಇದು: ಗದ್ದಲವಿಲ್ಲ. ನಿಜವಾದ ಕಚೇರಿಯಲ್ಲಿ ದಾಳಿಯ 37 ಸಾಲುಗಳು ಸಾವಿರಾರು ನಿರುಪದ್ರವಿ ಸಾಲುಗಳ ನಡುವೆ ಅಡಗಿರುತ್ತವೆ.

ಅದಕ್ಕೆ ಒಂದು ಕೆಲಸ ಹೇಳಿದೆ. ಅದೇ ವಿಂಡೋಸ್ ಯಂತ್ರದಲ್ಲಿ ಒಂದು ಷೆಡ್ಯೂಲ್ಡ್ ಟಾಸ್ಕ್ ಮಾಡು, ಹತ್ತು ನಿಮಿಷಕ್ಕೊಮ್ಮೆ ಅದು ತಪ್ಪು ಪಾಸ್‌ವರ್ಡ್‌ನಿಂದ ಅದೇ ಯಂತ್ರದ ಹಂಚಿಕೆಯ ಫೋಲ್ಡರ್ ತೆರೆಯಲು ಯತ್ನಿಸಲಿ. ಒಂದು ದಿನ ಹಾಗೆಯೇ ಬಿಡು. ಅದರ ನಡುವೆ ಒಮ್ಮೆ ದಾಳಿ ಮಾಡು. ಈಗ ಎರಡನ್ನೂ ಬೇರ್ಪಡಿಸುವ ನಿಯಮ ಬರೆ. ಎಣಿಕೆ ಒಂದರಿಂದಲೇ ಆಗುವುದಿಲ್ಲ, ದಿನವಿಡೀ ಓಡಿದ ಟಾಸ್ಕ್‌ನ ವಿಫಲ ಪ್ರಯತ್ನಗಳೇ 144 ಆಗುತ್ತವೆ, ದಾಳಿಯವು 37. ಗತಿ ನೋಡಬೇಕು, ಎಲ್ಲಿಂದ ಬಂತು ನೋಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ವಿಫಲಗಳ ಸಾಲಿನ ಕೊನೆಗೆ ಅದೇ ವಿಳಾಸದಿಂದ 4624, ಅಂದರೆ ಯಶಸ್ವಿ ಲಾಗಿನ್, ಬಂದಿದೆಯೇ ನೋಡಬೇಕು.

ಎರಡು ವಾರದ ನಂತರ ಅವಳು ಕಳಿಸಿದ ರೆಸ್ಯೂಮಿನಲ್ಲಿ ಲ್ಯಾಬ್ ಮೇಲೆ ಬಂದಿತ್ತು, ಸರ್ಟಿಫಿಕೇಟ್‌ಗಳು ಎರಡು ಸಾಲಾಗಿ ಕೆಳಗೆ ಹೋಗಿದ್ದವು. ಲ್ಯಾಬ್‌ನ ಸಾಲು ಹೀಗಿತ್ತು: ‘ವಿಂಡೋಸ್ 10 ಯಂತ್ರದ ಸೆಕ್ಯುರಿಟಿ ಲಾಗ್ ಅನ್ನು ಸ್ಪ್ಲಂಕ್‌ಗೆ ತಂದು, ರಿಮೋಟ್ ಡೆಸ್ಕ್‌ಟಾಪ್ ಪಾಸ್‌ವರ್ಡ್ ದಾಳಿಯನ್ನು ನಿತ್ಯದ ವಿಫಲ ಲಾಗಿನ್‌ಗಳಿಂದ ಬೇರ್ಪಡಿಸುವ ಹುಡುಕಾಟ ಬರೆದಿದ್ದೇನೆ. ಬಗೆ 10ರಲ್ಲಿ ಹುಡುಕಿದಾಗ ದಾಳಿ ಸಿಗಲಿಲ್ಲ, 3ರಲ್ಲಿ ಸಿಕ್ಕಿತು. ಕಾರಣ ಮತ್ತು ಟಿಕೆಟ್ ಲಗತ್ತಿಸಿದೆ.’ ಇದನ್ನು ಓದಿದ ಯಾವ ಸಂದರ್ಶಕನಾದರೂ ಮೊದಲ ಪ್ರಶ್ನೆಯನ್ನು ಇಲ್ಲಿಂದಲೇ ಎತ್ತುತ್ತಾನೆ, ಉತ್ತರ ಅವಳ ಬಳಿ ಇದೆ.

ಒಂದು ಸಾಲನ್ನು ಮಾತ್ರ ತೆಗೆಸಿದೆ. ಮೇಲ್ಭಾಗದಲ್ಲಿ ‘ಅನುಭವ: 1 ವರ್ಷ’ ಎಂದು ಹಾಕಿದ್ದಳು, ಲ್ಯಾಬ್‌ನ ತಿಂಗಳುಗಳನ್ನೆಲ್ಲ ಕೂಡಿಸಿ. ಜಾಹೀರಾತು ‘0–2 ವರ್ಷ’ ಎಂದೇ ಕೇಳಿತ್ತು, ಸೊನ್ನೆಗೆ ಅಲ್ಲಿ ಜಾಗವಿತ್ತು. ಲ್ಯಾಬ್ ಅನ್ನು ನೌಕರಿ ಎಂದು ತೋರಿಸಿದರೆ ಹಿನ್ನೆಲೆ ಪರಿಶೀಲನೆಯಲ್ಲಿ ಅದು ನಿಲ್ಲುವುದಿಲ್ಲ, ಉಳಿದ ನಿಜದ ಸಾಲುಗಳನ್ನೂ ಅನುಮಾನಕ್ಕೆ ಎಳೆಯುತ್ತದೆ. ‘ಸ್ವಂತ ಲ್ಯಾಬ್’ ಎಂಬ ಶೀರ್ಷಿಕೆಯೇ ಸಾಕು.

ಟಿಕೆಟ್‌ನ ಮೇಲೆ ನಾವಿಬ್ಬರೂ ಫೋನಿನಲ್ಲಿ ಅರ್ಧ ಗಂಟೆ ಕಳೆದೆವು. ಪಾಳಿ ಮುಗಿಸಿ ಹೋಗುವಾಗ ನೀವು ಬಿಟ್ಟುಹೋಗುವುದು ಅದನ್ನೇ. ಅವಳ ಮೊದಲ ಕರಡಿನಲ್ಲಿ ಸಮಯ ಇತ್ತು, ಯಾವ ವಲಯದ ಸಮಯ ಎಂದಿರಲಿಲ್ಲ. ಒಂದು ಲಾಗ್ ಯುಟಿಸಿಯಲ್ಲಿ, ಇನ್ನೊಂದು ಭಾರತೀಯ ಸಮಯದಲ್ಲಿ ಇದ್ದರೆ ನಡುವೆ ಐದೂವರೆ ಗಂಟೆಯ ಅಂತರ ಬಿದ್ದು ಘಟನೆಯ ಕ್ರಮವೇ ತಲೆಕೆಳಗಾಗುತ್ತದೆ. ಅದನ್ನು ಸೇರಿಸಿದಳು. ಆಮೇಲೆ ಕೊನೆಯ ವಾಕ್ಯ. ‘ದಾಳಿಕೋರ ಯಂತ್ರದೊಳಗೆ ಬಂದು ಮಾಹಿತಿ ಕದ್ದಿದ್ದಾನೆ’ ಎಂದು ಬರೆದಿದ್ದಳು.

“ಕದ್ದದ್ದನ್ನು ಎಲ್ಲಿ ನೋಡಿದೆ?” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಓದುತ್ತಾ ಬರೆದಳು: “37 ವಿಫಲ ಪ್ರಯತ್ನಗಳ ನಂತರ ಅದೇ ವಿಳಾಸದಿಂದ ಒಂದು ಯಶಸ್ವಿ ಲಾಗಿನ್ ಆಗಿದೆ. ಒಳಗೆ ಏನು ನಡೆಯಿತೆಂದು ಈ ಲಾಗ್‌ನಿಂದ ತಿಳಿಯುವುದಿಲ್ಲ. ಪ್ರಕ್ರಿಯೆಗಳ ಲಾಗ್ ನೋಡಬೇಕು.”